ಹದಿನೇಳನೇ ಪುಟ ಹದಿನೇಳರಲ್ಲೇ ಇರಲಿ

ಪರೀಕ್ಷೆ ಹತ್ತಿರವಾದಂತೆ ಕಾಲೇಜು ಮಕ್ಕಳ ಫೋನಿನ ಗ್ಯಾಲರಿಯಲ್ಲಿ ನೋಟ್ಸಿನ ಫೋಟೋಗಳು ತುಂಬಿಕೊಳ್ಳುತ್ತವೆ. ಕೆಲವು ತಾವೇ ತೆಗೆದದ್ದು, ಕೆಲವು ಗೆಳೆಯರು ವಾಟ್ಸಾಪಿನಲ್ಲಿ ಕಳಿಸಿದ್ದು. ಓದಲು ಕೂತಾಗ ಬೇಕಾದ ಪುಟ ಮಾತ್ರ ಕೈಗೆ ಸಿಗದು. ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಫೋಟೋಗಳನ್ನು ಪಿಡಿಎಫ್ ಮಾಡುವುದೇನೋ ಸುಲಭ. ಆದರೆ ಪುಟಗಳು ಸರಿಯಾದ ಸಾಲಿನಲ್ಲಿ ಕೂರುವುದು ಮತ್ತು ಒಂದು ಪದ ಟೈಪಿಸಿದರೆ ಆ ಪುಟ ಸಿಗುವುದು, ಈ ಎರಡೂ ತಾವಾಗಿ ಆಗುವ ಕೆಲಸಗಳಲ್ಲ. ಎರಡಕ್ಕೂ ಒಂದೇ ಉಪಾಯವಿದೆ: ನೋಟ್‌ಬುಕ್ಕಿನ ಪುಟದ ಸಂಖ್ಯೆ, ಫೋಟೋ ಫೈಲಿನ ಹೆಸರು, ಪಿಡಿಎಫ್‌ನ ಪುಟದ ಸಂಖ್ಯೆ ಈ ಮೂರೂ ಒಂದೇ ಆಗಿರಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. ಬಿ.ಎ. ವಿದ್ಯಾರ್ಥಿನಿಯೊಬ್ಬಳ ಬಳಿ ವಿಜಯನಗರ ಮತ್ತು ಬಹಮನಿ ರಾಜ್ಯಗಳ ಮೇಲೆ ಕನ್ನಡದಲ್ಲಿ ಬರೆದುಕೊಂಡ 52 ಪುಟಗಳ ನೋಟ್ಸ್ ಇದೆ ಎಂದುಕೊಳ್ಳಿ. ನಡುವೆ ಜ್ವರ ಬಂದು ಕೆಲವು ತರಗತಿ ತಪ್ಪಿದ್ದರಿಂದ 17ರಿಂದ 30ರವರೆಗಿನ ಪುಟಗಳು ಅವಳಲ್ಲಿಲ್ಲ, ಗೆಳತಿಯ ನೋಟ್‌ಬುಕ್ಕಿನಲ್ಲಿವೆ. ತನ್ನ ಪುಟಗಳಿಗೆ ತಾನೇ ತೆಗೆದ 38 ಫೋಟೋಗಳಿವೆ. ಗೆಳತಿ ವಾಟ್ಸಾಪಿನಲ್ಲಿ 14 ಕಳಿಸಿದ್ದಾಳೆ. ಕೂಡಿದರೆ ಸರಿಯಾಗಿ 52. ಲೆಕ್ಕ ಸರಿಯಿದೆ ಎಂದು ಮುಂದೆ ಹೋದರೆ ಎಡವುವುದು ಅಲ್ಲೇ.

ಕ್ರಮ ಎಲ್ಲಿ ತಪ್ಪುತ್ತದೆ

ಫೋನಿನ ಕ್ಯಾಮೆರಾ ಫೋಟೋಕ್ಕೆ ಸಾಮಾನ್ಯವಾಗಿ `IMG_20250712_163005.jpg` ಎಂಬಂಥ ಹೆಸರು ಕೊಡುತ್ತದೆ. ಅದರಲ್ಲಿ ತಾರೀಖು ಇರುತ್ತದೆ, ಗಂಟೆ-ನಿಮಿಷ-ಸೆಕೆಂಡು ಇರುತ್ತದೆ, ಪುಟದ ಸಂಖ್ಯೆ ಮಾತ್ರ ಇರುವುದಿಲ್ಲ. ಫೋಟೋ ತೆಗೆದ ಸಮಯದ ಸಾಲು ಪುಟಗಳ ಸಾಲೇ ಆಗಿರಬೇಕೆಂದೇನಿಲ್ಲ. ನಮ್ಮ ವಿದ್ಯಾರ್ಥಿನಿಯ 9ನೇ ಪುಟ ಮಸುಕಾಗಿ ಬಂದಿತ್ತು. ಕೊನೆಯಲ್ಲಿ ಅದನ್ನು ಗಮನಿಸಿ ಮತ್ತೊಮ್ಮೆ ತೆಗೆದಳು. ಸಮಯದ ಪ್ರಕಾರ ಜೋಡಿಸಿದರೆ ಆ ಚೊಕ್ಕ ಫೋಟೋ 52ನೇ ಪುಟದ ನಂತರ ಬರುತ್ತದೆ. ಒಂಬತ್ತರ ಜಾಗದಲ್ಲಿ ಮಸುಕು ಫೋಟೋ ಉಳಿಯುತ್ತದೆ.

ವಾಟ್ಸಾಪಿನಲ್ಲಿ ಬಂದ ಫೋಟೋಗಳ ಕಥೆಯೇ ಬೇರೆ. ಅವುಗಳ ಹೆಸರು `IMG-20250714-WA0021.jpg` ಎಂಬ ರೀತಿಯಲ್ಲಿರುತ್ತದೆ. ಅದರಲ್ಲಿನ ತಾರೀಖು ಫೋಟೋ ತೆಗೆದ ದಿನದ್ದಲ್ಲ. ಕೊನೆಯ ಅಂಕಿ ಬಂದ ಸಾಲನ್ನು ಹೇಳುತ್ತದೆಯೇ ಹೊರತು ನೋಟ್‌ಬುಕ್ಕಿನ ಸಾಲನ್ನಲ್ಲ. ಗ್ಯಾಲರಿಯಲ್ಲಿ ಹೊಸ ಫೋಟೋ ಮೇಲೆ, ಹಳೆಯದು ಕೆಳಗೆ ಕಾಣುತ್ತದೆ. ಗೆಳತಿ ಮೇಲಿನಿಂದ ಒಂದೊಂದಾಗಿ ಒತ್ತುತ್ತ ಹೋಗಿದ್ದಾಳೆ. ಹಾಗಾಗಿ `WA0021` ಎಂಬುದು 30ನೇ ಪುಟವಾಗಿದೆ, `WA0034` ಎಂಬುದು 17ನೇ ಪುಟವಾಗಿದೆ. ಇಡೀ ಭಾಗ ತಿರುಗಾಮುರುಗಾ. ಮೂಲ ಫೋಟೋದೊಳಗೆ ಅಡಗಿರುವ, ತೆಗೆದ ಸಮಯದ ದಾಖಲೆಯೂ ಫೋಟೋ ಆಗಿ ಕಳಿಸಿದಾಗ ವಾಟ್ಸಾಪಿನಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಸಮಯ ನೋಡಿ ಸರಿಪಡಿಸುವ ದಾರಿಯೂ ಉಳಿಯುವುದಿಲ್ಲ.

ಮೂರನೆಯ ತೊಡಕು ಕಂಪ್ಯೂಟರಿನದು. ಫೈಲುಗಳಿಗೆ 1, 2, 3 ಎಂದು ಹೆಸರಿಟ್ಟರೆ ವಿಂಡೋಸ್‌ನ ಪರದೆಯ ಮೇಲೆ ಸಾಲು ಸರಿಯಾಗಿಯೇ ಕಾಣುತ್ತದೆ. ಆದರೆ ಪಿಡಿಎಫ್ ಮಾಡುವ ಎಷ್ಟೋ ತಂತ್ರಾಂಶಗಳು ಹೆಸರನ್ನು ಸಂಖ್ಯೆಯಾಗಿ ಓದದೆ ಅಕ್ಷರ ಅಕ್ಷರವಾಗಿ ಹೋಲಿಸುತ್ತವೆ. ಆಗ 1 ಆದ ಮೇಲೆ 10, 11, 12 ಬಂದು, 19 ಮುಗಿದ ಮೇಲೆ 2 ಬರುತ್ತದೆ. ಪರದೆಯಲ್ಲಿ ಸರಿಯಿದ್ದದ್ದು ಪಿಡಿಎಫ್‌ನಲ್ಲಿ ಏಕೆ ಕೆಟ್ಟಿತು ಎಂದು ತಲೆ ಕೆರೆದುಕೊಳ್ಳುವವರಿಗೆ ಬಹಳ ಸಲ ಉತ್ತರ ಇಷ್ಟೇ. ಎಲ್ಲ ಹೆಸರಿನಲ್ಲೂ ಮೂರು ಅಂಕಿ ಇಟ್ಟರೆ, ಅಂದರೆ `p001.jpg`, `p002.jpg`, `p010.jpg` ಎಂದರೆ, ಯಾವ ರೀತಿ ಹೋಲಿಸಿದರೂ ಸಾಲು ಒಂದೇ.

ಪುಟದ ಮೇಲೇ ಸಂಖ್ಯೆ

ಹೆಸರು ಬದಲಾಗಬಹುದು, ಸಮಯ ಅಳಿಯಬಹುದು. ಫೋಟೋದೊಳಗೆ ಕಾಣುವ ಸಂಖ್ಯೆ ಮಾತ್ರ ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಆದ್ದರಿಂದ ಕ್ಯಾಮೆರಾ ತೆರೆಯುವ ಮೊದಲು ಪ್ರತಿ ಪುಟದ ಬಲಮೇಲ್ತುದಿಯಲ್ಲಿ ದಪ್ಪಗೆ ಸಂಖ್ಯೆ ಬರೆಯಿರಿ. ನೋಟ್‌ಬುಕ್ ಇನ್ನೊಬ್ಬರದಾಗಿದ್ದರೆ ಸಣ್ಣ ಚೀಟಿಯ ಮೇಲೆ ಸಂಖ್ಯೆ ಬರೆದು ಪುಟದ ಮೂಲೆಯಲ್ಲಿಟ್ಟು ಫೋಟೋ ತೆಗೆಯಬಹುದು. ಎರಡು ಪುಟಗಳನ್ನು ಒಂದೇ ಫೋಟೋದಲ್ಲಿ ಹಿಡಿಯಬೇಡಿ. ಅಕ್ಷರ ಸಣ್ಣದಾಗುತ್ತದೆ, ನಡುವಿನ ಮಡಿಕೆಯಲ್ಲಿ ಸಾಲುಗಳು ಬಾಗುತ್ತವೆ, ಮೂರೂ ಸಂಖ್ಯೆ ಒಂದೇ ಇರಬೇಕೆಂಬ ನಿಯಮವೂ ಅಲ್ಲೇ ಮುರಿಯುತ್ತದೆ.

ಫೋಟೋ ತೆಗೆಯುವಾಗ ಬೆಳಕು ಪಕ್ಕದ ಕಿಟಕಿಯಿಂದ ಬರಲಿ, ಫ್ಲ್ಯಾಶ್ ಬೇಡ. ಮೇಲಿನಿಂದ ಬೀಳುವ ಫೋನಿನ ನೆರಳು ಪುಟದ ಮೇಲೆ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಪುಟ ಚೌಕಟ್ಟಿನ ತುಂಬ ಕಾಣಬೇಕು. 3000×4000 ಚುಕ್ಕಿಗಳ, ಅಂದರೆ 12 ಮೆಗಾಪಿಕ್ಸೆಲ್‌ನ ಫೋಟೋದಲ್ಲಿ ಎ4 ಹಾಳೆ ತುಂಬಿ ನಿಂತರೆ ಇಂಚಿಗೆ 300ಕ್ಕೂ ಹೆಚ್ಚು ಚುಕ್ಕಿಗಳು ಸಿಗುತ್ತವೆ. ಯಂತ್ರ ಅಕ್ಷರ ಓದಲು ಅಷ್ಟು ಸಾಕು. ಅದೇ ಫೋಟೋ ವಾಟ್ಸಾಪಿನಲ್ಲಿ ಸಾಧಾರಣ ಗುಣಮಟ್ಟದಲ್ಲಿ ಹೋಗುವಾಗ ಉದ್ದದ ಬದಿ ಸುಮಾರು 1600 ಚುಕ್ಕಿಗಳಿಗೆ ಇಳಿಯುತ್ತದೆ. ಆಗ ಇಂಚಿಗೆ ಉಳಿಯುವುದು 140ಕ್ಕಿಂತ ಕಡಿಮೆ. ಕಣ್ಣಿಗೆ ಓದಲು ಬಂದರೂ ಒತ್ತಕ್ಷರಗಳ ಅಂಚು ಕಲಸಿಹೋಗಿರುತ್ತದೆ. ಹಾಗಾಗಿ ಗೆಳತಿಗೆ ಹೇಳಬೇಕಾದ ಮಾತು ಒಂದೇ: "ಫೋಟೋ ಅಂತ ಕಳಿಸ್ಬೇಡ ಕಣೇ, ಡಾಕ್ಯುಮೆಂಟ್ ಅಂತ ಕಳಿಸು." ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲು ಹಾಗೇ ಬರುತ್ತದೆ. ಐಫೋನಿನಲ್ಲಿ ತೆಗೆಯುವವರು ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ Formats ಎಂಬಲ್ಲಿ Most Compatible ಆರಿಸಿಕೊಳ್ಳಲಿ. ಇಲ್ಲವಾದರೆ ಫೋಟೋಗಳು ಎಚ್‌ಇಐಸಿ ರೂಪದಲ್ಲಿ ಬಂದು ಮುಂದಿನ ಹಂತಗಳಲ್ಲಿ ತೊಡಕು ಕೊಡುತ್ತವೆ.

ಹೆಸರಿಡುವುದೇ ತಪಾಸಣೆ

ಈಗ ಎಲ್ಲ ಫೋಟೋಗಳ ಒಂದು ಪ್ರತಿಯನ್ನು ಬೇರೆ ಫೋಲ್ಡರಿಗೆ ಹಾಕಿಕೊಳ್ಳಿ, ಮೂಲ ಹಾಗೇ ಇರಲಿ. ದೊಡ್ಡ ಚಿತ್ರಗಳಾಗಿ ಕಾಣುವಂತೆ ಫೋಲ್ಡರ್ ತೆರೆದು, ಪುಟದ ಮೂಲೆಯ ಸಂಖ್ಯೆ ನೋಡುತ್ತ F2 ಒತ್ತಿ ಒಂದೊಂದಕ್ಕೂ ಹೆಸರಿಡಿ. ಕೈಯಿಂದ ಮಾಡುವ ಈ ಬೇಸರದ ಕೆಲಸವನ್ನು ತಪ್ಪಿಸಿಕೊಳ್ಳಬಾರದು. ಏಕೆಂದರೆ ತಪ್ಪು ಸಿಗುವುದು ಇಲ್ಲಿಯೇ. ನಮ್ಮ ವಿದ್ಯಾರ್ಥಿನಿ ಕೊನೆಯ ಫೋಟೋಕ್ಕೆ `p009.jpg` ಎಂದು ಹೆಸರಿಡಲು ಹೋದಾಗ ಆ ಹೆಸರು ಆಗಲೇ ಇದೆ ಎಂದು ಕಂಪ್ಯೂಟರ್ ತಡೆಯಿತು. ಮಸುಕು ಪ್ರತಿ ಹೀಗೆ ಸಿಕ್ಕಿಬಿತ್ತು. ಸಾಲು ಮುಗಿದಾಗ `p040` ಆದ ಮೇಲೆ `p042` ಇತ್ತು. ಎರಡು ಹಾಳೆ ಒಟ್ಟಿಗೆ ತಿರುವಿದ್ದರಿಂದ 41ನೇ ಪುಟದ ಫೋಟೋವೇ ಇರಲಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಆಗಿ ಒಟ್ಟು 52 ಎಂಬ ಲೆಕ್ಕ ಸರಿಹೋಗಿತ್ತು ಅಷ್ಟೇ. ಎಣಿಕೆ ನೋಡಿ ಪುಟಗಳೆಲ್ಲ ಇವೆ ಎನ್ನಲಾಗದು, ಸಂಖ್ಯೆ ನೋಡಿಯೇ ಹೇಳಬೇಕು.

ಒಂದು ಗುಂಪಿನ ಫೋಟೋಗಳು ಸರಿಯಾದ ಸಾಲಿನಲ್ಲಿವೆ, ಅಥವಾ ಸರಿಯಾಗಿ ತಿರುಗುಮುರುಗಾಗಿವೆ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡಿದ್ದರೆ ಆ ಭಾಗವನ್ನು ಕಂಪ್ಯೂಟರಿಗೆ ಬಿಡಬಹುದು. ಉಬುಂಟು ಅಥವಾ ಬೇರೆ ಲಿನಕ್ಸ್ ಇದ್ದರೆ, ಇಲ್ಲವೇ ವಿಂಡೋಸ್‌ನಲ್ಲಿ WSL ಹಾಕಿಕೊಂಡಿದ್ದರೆ, ಗೆಳತಿಯ 14 ಫೋಟೋಗಳಿಗೆ 30ರಿಂದ ಕೆಳಗೆ ಇಳಿಯುತ್ತ ಹೀಗೆ ಹೆಸರಿಡಬಹುದು:

```
n=30
for f in IMG-20250714-WA*.jpg; do
  mv -n "$f" "$(printf 'p%03d.jpg' $n)"
  n=$((n-1))
done
```

ಇಲ್ಲಿನ `-n` ಎಂಬುದು ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅದರ ಮೇಲೆ ಬರೆಯದಂತೆ ಕಾಯುತ್ತದೆ.

ಒಂದೇ ಪಿಡಿಎಫ್

ಮುಂದಿನ ಕೆಲಸಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತ. ಉಬುಂಟುವಿನಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ:

```
sudo apt install imagemagick img2pdf ocrmypdf \
  tesseract-ocr-kan qpdf pdftk-java
```

ಮೇಜಿನ ಮೇಲೆ ನೋಟ್‌ಬುಕ್ ಇಟ್ಟು ಫೋನನ್ನು ನೆಲಕ್ಕೆ ಸಮನಾಗಿ ಹಿಡಿದಾಗ ಯಾವುದು ಮೇಲು, ಯಾವುದು ಕೆಳಗು ಎಂಬುದು ಫೋನಿಗೆ ತಿಳಿಯುವುದು ಕಷ್ಟ. ಆದ್ದರಿಂದ ಕೆಲವು ಪುಟ ಅಡ್ಡ ಬೀಳುತ್ತವೆ. ಇನ್ನು ಕೆಲವು ಫೋಟೋಗಳು ಒಳಗೆ ಅಡ್ಡವೇ ಇದ್ದು, ತಿರುಗಿಸಿ ತೋರಿಸು ಎಂಬ ಸೂಚನೆ ಮಾತ್ರ ಜೊತೆಗಿರುತ್ತದೆ. ಆ ಸೂಚನೆಯನ್ನು ಒಂದು ತಂತ್ರಾಂಶ ಪಾಲಿಸುತ್ತದೆ, ಇನ್ನೊಂದು ಪಾಲಿಸುವುದಿಲ್ಲ. ಮೊದಲು ಗ್ಯಾಲರಿಯಲ್ಲೇ ಅಡ್ಡ ಬಿದ್ದವನ್ನು ನೇರಮಾಡಿ. ಆಮೇಲೆ ಈ ಎರಡು ಸಾಲು:

```
mogrify -auto-orient -resize '2500x2500>' -quality 80 p*.jpg
img2pdf --pagesize A4 p*.jpg -o notes.pdf
```

ಮೊದಲ ಸಾಲು ಅಡಗಿರುವ ಸೂಚನೆಯಂತೆ ಚಿತ್ರವನ್ನು ನಿಜವಾಗಿಯೇ ತಿರುಗಿಸುತ್ತದೆ, ಉದ್ದದ ಬದಿಯನ್ನು 2500 ಚುಕ್ಕಿಗಳಿಗೆ ಇಳಿಸುತ್ತದೆ. ಫೋಟೋ ಒಂದಕ್ಕೆ ಮೂರು-ನಾಲ್ಕು ಎಂಬಿಯಂತೆ 52 ಫೋಟೋ ಎಂದರೆ 150 ಎಂಬಿ ದಾಟುತ್ತದೆ. ಇಳಿಸಿದರೆ ಫೈಲು ಎಷ್ಟೋ ಹಗುರ, ಅಕ್ಷರವೂ ಸ್ಪಷ್ಟವಾಗಿಯೇ ಉಳಿಯುತ್ತದೆ. `mogrify` ಫೈಲಿನ ಮೇಲೇ ಬದಲಾವಣೆ ಮಾಡುವುದರಿಂದ ಮೂಲ ಬೇರೆಡೆ ಇಟ್ಟಿದ್ದೀರಾ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಎರಡನೆಯ ಸಾಲಿನಲ್ಲಿ ಎ4 ಎಂದು ಹೇಳದೆ ಬಿಟ್ಟರೆ ಬೇರೆ ಬೇರೆ ಫೋನಿನ ಪುಟಗಳು ಬೇರೆ ಬೇರೆ ಅಳತೆಯಲ್ಲಿ ಬಂದು, ಓದುವಾಗ ಒಂದು ಪುಟ ಗೋಡೆಯಷ್ಟು, ಇನ್ನೊಂದು ಅಂಗೈಯಷ್ಟು ಕಾಣಬಹುದು.

ಕಂಪ್ಯೂಟರ್ ಇಲ್ಲದವರು ಹತ್ತು-ಹದಿನೈದು ಪುಟಗಳಿಗೆ ಫೋನಿನ ಸ್ಕ್ಯಾನ್ ಆ್ಯಪ್ ಬಳಸಬಹುದು. ಪುಟಗಳನ್ನು ಬೆರಳಿನಿಂದ ಎಳೆದು ಹಿಂದೆಮುಂದೆ ಮಾಡುವ ಅನುಕೂಲ ಅವುಗಳಲ್ಲಿರುತ್ತದೆ. ಐವತ್ತು ಪುಟಗಳಾದರೆ ಎಳೆಯುವುದರಲ್ಲೇ ಹೊಸ ತಪ್ಪುಗಳಾಗುತ್ತವೆ.

ಯಂತ್ರ ಓದುವುದೆಷ್ಟು?

ಇಲ್ಲಿಯವರೆಗೆ ಆದದ್ದು ಚಿತ್ರಗಳ ಕಂತೆ. ಕಂಪ್ಯೂಟರಿಗೆ ಅದರಲ್ಲಿ ಅಕ್ಷರವೇ ಕಾಣುವುದಿಲ್ಲ. ಹುಡುಕಲು ಬರುವ ಪಿಡಿಎಫ್‌ನಲ್ಲಿ ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಅಕ್ಷರಗಳ ಪದರವೊಂದು ಇರುತ್ತದೆ. ಚಿತ್ರದಲ್ಲಿ ಪದ ಎಲ್ಲಿದೆಯೋ ಅದೇ ಜಾಗದಲ್ಲಿ ಆ ಪದ ಪಾರದರ್ಶಕವಾಗಿ ಕೂತಿರುತ್ತದೆ. ನಾವು ಹುಡುಕುವುದು ಆ ಪದರದಲ್ಲಿ, ನೋಡುವುದು ಚಿತ್ರವನ್ನು. ಚಿತ್ರ ನೋಡಿ ಅಕ್ಷರ ಗುರುತಿಸುವ ಈ ಕೆಲಸಕ್ಕೆ ಓಸಿಆರ್ ಎನ್ನುತ್ತಾರೆ. ಉಚಿತವಾಗಿ ಸಿಗುವವುಗಳಲ್ಲಿ ಟೆಸೆರಾಕ್ಟ್ ಹೆಸರಾದದ್ದು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಈಗ ಕನ್ನಡವನ್ನೂ ಓದುತ್ತದೆ. ಅದನ್ನು ಬಳಸಿ ಪಿಡಿಎಫ್‌ಗೆ ಅಕ್ಷರಪದರ ಸೇರಿಸುವುದು `ocrmypdf`:

```
ocrmypdf -l kan+eng --deskew --sidecar notes.txt \
  notes.pdf notes-ocr.pdf
```

ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಓದು, ವಾಲಿದ ಸಾಲನ್ನು ನೇರಮಾಡು, ಓದಿದ್ದನ್ನೆಲ್ಲ `notes.txt` ಎಂಬ ಬೇರೆ ಫೈಲಿಗೂ ಬರೆ ಎಂಬುದು ಇದರ ಅರ್ಥ. ಕೆಲಸ ಮುಗಿದ ಕೂಡಲೇ ಆ ಫೈಲನ್ನು ತೆರೆದು ನೋಡಿ. ಯಂತ್ರ ಎಷ್ಟು ಓದಿದೆ, ಎಷ್ಟು ಊಹಿಸಿದೆ ಎಂಬುದು ಅಲ್ಲಿ ಬಯಲಾಗುತ್ತದೆ. ಅಂಟಿಸಿದ ಮುದ್ರಿತ ಹಾಳೆ, ಪ್ರಶ್ನೆಪತ್ರಿಕೆಯ ತುಣುಕು ಇದ್ದರೆ ಅವು ಬಹುಮಟ್ಟಿಗೆ ಸರಿಯಾಗಿ ಬಂದಿರುತ್ತವೆ. ಕೈಬರಹದ ಭಾಗ ಹೆಚ್ಚಿನಂಶ ಅರ್ಥವಿಲ್ಲದ ಅಕ್ಷರಗಳ ರಾಶಿ.

ಕಾರಣ ಇದೆ. ಟೆಸೆರಾಕ್ಟ್ ಕಲಿತದ್ದು ಅಚ್ಚಿನ ಅಕ್ಷರಗಳಿಂದ. ಅಚ್ಚಿನಲ್ಲಿ ಒಂದು ಅಕ್ಷರ ಎಲ್ಲ ಕಡೆ ಒಂದೇ ರೂಪದಲ್ಲಿರುತ್ತದೆ. ಕೈಬರಹದಲ್ಲಿ ಒಬ್ಬರೇ ಬರೆದ ಎರಡು ಅಕ್ಷರ ಕೂಡ ಒಂದೇ ಥರ ಇರುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಆ ನೀಲಿ ಗೆರೆ ಸರಿಯಾಗಿ ಒತ್ತಕ್ಷರದ ಮೇಲೇ ಹಾದುಹೋಗುತ್ತದೆ. ನಾವು ಗೆರೆಯನ್ನು ಬಿಟ್ಟು ಅಕ್ಷರವನ್ನಷ್ಟೇ ಓದುತ್ತೇವೆ, ಯಂತ್ರ ಎರಡನ್ನೂ ಸೇರಿಸಿ ಇನ್ನೇನೋ ಓದುತ್ತದೆ. ಗೂಗಲ್ ಡ್ರೈವ್‌ಗೆ ಫೋಟೋ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಬಿಡಿ ಬಿಡಿಯಾಗಿ, ದುಂಡಗೆ ಬರೆದ ಕೈಬರಹ ಇದಕ್ಕಿಂತ ಚೆನ್ನಾಗಿ ಅಕ್ಷರವಾಗುವುದುಂಟು. ಆದರೆ ಸಿಗುವುದು ಬೇರೆಯದೇ ಬರಹದ ಕಡತ, ನಮ್ಮ ಪಿಡಿಎಫ್‌ನೊಳಗಿನ ಪದರವಲ್ಲ. ಅದನ್ನೂ ಸಾಲು ಸಾಲಾಗಿ ತಿದ್ದಬೇಕು.

ಕೈಯಾರೆ ಟೈಪಿಸಿದ ಸೂಚಿ

ಹಾಗಾದರೆ ಕೈಬರಹದ ನೋಟ್ಸನ್ನು ಹುಡುಕಲು ಬರುವಂತೆ ಮಾಡುವುದು ಹೇಗೆ? ಪುಸ್ತಕಗಳ ಕೊನೆಯಲ್ಲಿರುವ ಪದಸೂಚಿಯನ್ನೇ ಇಲ್ಲೂ ಮಾಡುವುದು. ಪ್ರತಿ ಪುಟಕ್ಕೆ ಮೂರು-ನಾಲ್ಕು ಪದ ಸಾಕು. 52 ಪುಟಗಳಿಗೆ ಎರಡು ಹಾಳೆ ಸೂಚಿ ಆಗಬಹುದು. ಅದನ್ನು ಲಿಬ್ರೆ ಆಫೀಸ್ ಅಥವಾ ವರ್ಡ್‌ನಲ್ಲಿ ಟೈಪಿಸಿ `index.pdf` ಎಂದು ಉಳಿಸಿಕೊಂಡು ನೋಟ್ಸಿನ ಕೊನೆಗೆ ಸೇರಿಸಿ:

```
qpdf --empty --pages notes-ocr.pdf index.pdf -- all.pdf
```

ಸೂಚಿಯನ್ನು ಮೊದಲಲ್ಲಿ ಇಡುವ ಆಸೆಯಾಗುತ್ತದೆ. ಇಟ್ಟರೆ ನೋಟ್‌ಬುಕ್ಕಿನ 17ನೇ ಪುಟ ಪಿಡಿಎಫ್‌ನಲ್ಲಿ 19ನೆಯದಾಗುತ್ತದೆ, ಸೂಚಿ ನೋಡಿ ಹೋದವರಿಗೆ ಪ್ರತಿ ಸಲವೂ ತಪ್ಪು ಪುಟ ಸಿಗುತ್ತದೆ. ಕೊನೆಯಲ್ಲಿಟ್ಟರೆ 17 ಎಲ್ಲೆಡೆಯೂ 17.

ಸೂಚಿ ಬರೆಯುವಾಗ ಹುಡುಕುವವರ ಕಡೆಯಿಂದ ಯೋಚಿಸಬೇಕು. ಯಂತ್ರ ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿಯನ್ನು ಮೇಷ್ಟ್ರು ಅಬ್ದುಲ್ ರಜಾಕ್ ಎಂದು ಬರೆಸಿರುತ್ತಾರೆ, ಪಠ್ಯಪುಸ್ತಕದಲ್ಲಿ ಅಬ್ದುರ್ ರಜ್ಜಾಕ್ ಎಂದಿರಬಹುದು. ಎರಡೂ ರೂಪಗಳನ್ನು ಸೂಚಿಯಲ್ಲಿ ಹಾಕಿ. 1565ರ ಕದನಕ್ಕೆ ತಾಳಿಕೋಟೆ ಎಂದೂ ರಕ್ಕಸಗಿ-ತಂಗಡಗಿ ಎಂದೂ ಹೆಸರಿದೆ, ಎರಡೂ ಇರಲಿ. ಇಸವಿಯನ್ನು 1336 ಎಂದೇ ಬರೆಯಿರಿ. ೧೩೩೬ ಎಂಬುದು ಯಂತ್ರದ ಮಟ್ಟಿಗೆ ಬೇರೆಯೇ. ಹುಡುಕುವಾಗ ಪದದ ಕೊನೆಯ ಸ್ವರಚಿಹ್ನೆ ಬಿಟ್ಟು ಟೈಪಿಸುವುದು ಒಳ್ಳೆಯದು. "ಊರು" ಎಂದು ಕೊಟ್ಟರೆ "ಊರಿನ" ಸಿಗುವುದಿಲ್ಲ. "ಊರ" ಎಂದರೆ ಸಾಮಾನ್ಯವಾಗಿ ಎರಡೂ ಸಿಗುತ್ತವೆ.

ಟೈಪಿಸುವುದು ಯೂನಿಕೋಡ್‌ನಲ್ಲೇ ಆಗಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದರೆ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫೋನಿನ ಕನ್ನಡ ಕೀಲಿಮಣೆಯಲ್ಲಿ "ಬೀದರ" ಎಂದು ಹುಡುಕಿದರೆ ಅಂಥ ಸೂಚಿಯಲ್ಲಿ ಅದು ಎಂದೂ ಸಿಗದು. ಯೂನಿಕೋಡ್‌ನಲ್ಲಿ ಬರೆದರೂ ಇನ್ನೊಂದು ಪರೀಕ್ಷೆ ಬಾಕಿ. ಪಿಡಿಎಫ್ ಆಗುವಾಗ ಅಕ್ಷರಗಳು ಫಾಂಟಿನ ಆಕಾರಗಳಾಗಿ ಬದಲಾಗುತ್ತವೆ, ಕೆಲವೊಮ್ಮೆ ಒತ್ತಕ್ಷರಗಳು ವಾಪಸು ಸರಿಯಾದ ಅಕ್ಷರಗಳಾಗುವುದಿಲ್ಲ. ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಅಲ್ಲಿ ಚೆಲ್ಲಾಪಿಲ್ಲಿಯಾಗಿ ಬಂದರೆ ಹುಡುಕಾಟವೂ ಹಾಗೆಯೇ. ಆಗ ಬೇರೆ ಫಾಂಟಿನಲ್ಲಿ ಅಥವಾ ಬೇರೆ ತಂತ್ರಾಂಶದಿಂದ ಮತ್ತೆ ಪಿಡಿಎಫ್ ಮಾಡಿ. ಮುಖ್ಯ ಪದಗಳ ಪಕ್ಕದಲ್ಲಿ `Talikota`, `Bidar` ಎಂದು ಇಂಗ್ಲಿಷ್ ಅಕ್ಷರದಲ್ಲೂ ಬರೆದಿದ್ದರೆ ಅದಂತೂ ಕೈಕೊಡುವುದಿಲ್ಲ.

ಈ ಆಕಾರಗಳ ತಾಪತ್ರಯ ತಾಗದ ಜಾಗವೊಂದಿದೆ, ಅದು ಪಿಡಿಎಫ್‌ನ ಬುಕ್‌ಮಾರ್ಕ್. ಅದರ ಹೆಸರು ಫಾಂಟಿನ ಆಕಾರವಾಗದೆ ನೇರ ಅಕ್ಷರವಾಗಿಯೇ ಉಳಿಯುತ್ತದೆ. ಪಕ್ಕದ ಪಟ್ಟಿಯಲ್ಲಿ ಅಧ್ಯಾಯದ ಹೆಸರು ಕಾಣುತ್ತದೆ, ಒತ್ತಿದರೆ ಪುಟ ತೆರೆಯುತ್ತದೆ. ಪ್ರತಿ ಅಧ್ಯಾಯಕ್ಕೆ ನಾಲ್ಕು ಸಾಲು `toc.txt` ಎಂಬ ಫೈಲಿನಲ್ಲಿ ಬರೆಯಬೇಕು:

```
BookmarkBegin
BookmarkTitle: ವಿಜಯನಗರದ ಸ್ಥಾಪನೆ, 1336
BookmarkLevel: 1
BookmarkPageNumber: 17
```

ಅದನ್ನು ಪಿಡಿಎಫ್‌ಗೆ ಸೇರಿಸುವ ಸಾಲು:

```
pdftk all.pdf update_info_utf8 toc.txt output final.pdf
```

ಕೊನೆಯ ನೋಟ

ಹಂಚುವ ಮುನ್ನ `final.pdf` ತೆರೆದು ಪಕ್ಕದ ಪಟ್ಟಿಯಲ್ಲಿ ಪುಟಗಳ ಸಣ್ಣ ಚಿತ್ರಗಳನ್ನು ಮೇಲಿನಿಂದ ಕೆಳಗೆ ನೋಡಿ. ಅಡ್ಡ ಬಿದ್ದ ಪುಟ ಅಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಬಳಿಕ ಪುಟಸಂಖ್ಯೆಯ ಪೆಟ್ಟಿಗೆಯಲ್ಲಿ 9, 17, 30, 41, 52 ಎಂದು ಒಂದೊಂದಾಗಿ ಕೊಟ್ಟು, ಮೂಲೆಯಲ್ಲಿ ಪೆನ್ನಿನಿಂದ ಬರೆದ ಸಂಖ್ಯೆಯೂ ಅದೇ ಆಗಿದೆಯೇ ಎಂದು ಹೋಲಿಸಿ. ಇವು ತಪ್ಪಾಗುವ ಸಾಧ್ಯತೆಯಿದ್ದ ಜಾಗಗಳು, ಅಂದರೆ ಮತ್ತೆ ತೆಗೆದ ಪುಟ, ಗೆಳತಿಯ ಭಾಗದ ಎರಡು ತುದಿ, ಬಿಟ್ಟುಹೋಗಿದ್ದ ಪುಟ, ಕೊನೆಯ ಪುಟ. ಇವು ಸರಿಯಿದ್ದರೆ ನಡುವಿನವೂ ಬಹುಮಟ್ಟಿಗೆ ಸರಿಯೇ. ಆಮೇಲೆ ಸೂಚಿಯ ಒಂದು ಕನ್ನಡ ಪದ, ಒಂದು ಇಸವಿ, ಒಂದು ಇಂಗ್ಲಿಷ್ ಪದ ಹುಡುಕಿ. ಇದೇ ಪರೀಕ್ಷೆಯನ್ನು ಫೋನಿನಲ್ಲೂ ಮಾಡಿ, ಏಕೆಂದರೆ ಓದುವವರು ಹೆಚ್ಚಾಗಿ ಅಲ್ಲೇ ಓದುತ್ತಾರೆ. ಒಂದು ಪದ ಕಂಪ್ಯೂಟರಿನಲ್ಲಿ ಸಿಕ್ಕಿ ಫೋನಿನಲ್ಲಿ ಸಿಗದಿದ್ದರೆ ಪಿಡಿಎಫ್ ಕೆಟ್ಟಿದೆ ಎನ್ನುವ ಮೊದಲು ಇನ್ನೊಂದು ಪಿಡಿಎಫ್ ಆ್ಯಪ್‌ನಲ್ಲಿ ತೆರೆದು ನೋಡಬೇಕು. ಕನ್ನಡದ ಹುಡುಕಾಟದಲ್ಲಿ ಆ್ಯಪ್‌ನಿಂದ ಆ್ಯಪ್‌ಗೆ ವ್ಯತ್ಯಾಸವಿದೆ.

ಮುಂದಿನ ಸೆಮಿಸ್ಟರಿನಲ್ಲಿ ಇದರ ಅರ್ಧ ಕೆಲಸವನ್ನು ತರಗತಿಯಲ್ಲೇ ಮುಗಿಸಬಹುದು. ನೋಟ್‌ಬುಕ್ ಕೊಂಡ ದಿನವೇ ಪುಟಗಳಿಗೆಲ್ಲ ಸಂಖ್ಯೆ ಹಾಕಿ, ಪ್ರತಿ ಪುಟದ ತಲೆಯಲ್ಲಿ ಆ ದಿನದ ವಿಷಯವನ್ನು ಎರಡು ಪದಗಳಲ್ಲಿ ಬರೆದುಕೊಂಡರೆ, ಸೂಚಿ ಟೈಪಿಸುವಾಗ ಇಡೀ ಪುಟ ಓದಬೇಕಾಗಿಲ್ಲ, ತಲೆಬರಹ ನೋಡಿದರೆ ಸಾಕು.